ಮೂರು ದಿನ ತಡ, ಮೂರು ಥರದ ಅಂಕ

ಕೆಲವು ವರ್ಷಗಳ ಹಿಂದೆ ನನ್ನ ಕೋರ್ಸ್ ಪ್ಲಾನಿನ ಕೊನೆಯ ಪುಟದಲ್ಲಿ ಒಂದು ಸಾಲು ಇತ್ತು: ‘ತಡವಾಗಿ ಸಲ್ಲಿಸಿದ ಅಸೈನ್‌ಮೆಂಟಿಗೆ ದಿನಕ್ಕೆ ಶೇ 10ರಷ್ಟು ಅಂಕ ಕಡಿತ. ಸಕಾರಣವಿದ್ದರೆ ವಿನಾಯಿತಿ.’ ಹೇಳಬೇಕಾದ್ದೆಲ್ಲ ಅದರಲ್ಲೇ ಬಂತು ಅಂದುಕೊಂಡಿದ್ದೆ.

ಆ ಸಲ ಗಡುವು ಶುಕ್ರವಾರ ಸಂಜೆ 5 ಗಂಟೆ. ಒಬ್ಬ ಹುಡುಗಿ ಸೋಮವಾರ ಬೆಳಿಗ್ಗೆ 10ಕ್ಕೆ ತಂದುಕೊಟ್ಟಳು. 20ಕ್ಕೆ 14 ಕೊಡಬಹುದಾದ ಬರಹ. ಮೂರು ದಿನ ತಡ, ದಿನಕ್ಕೆ 2 ಅಂಕ ಎಂದು 6 ಕಳೆದು 8 ಹಾಕಿದೆ.

ಮಾರ್ಕ್ಸ್ ನೋಡಿದವಳೇ ಸ್ಟಾಫ್ ರೂಮಿಗೆ ಬಂದಳು. “ಸಾರ್, ಹತ್ತು ಪರ್ಸೆಂಟ್ ಅಂದ್ರೆ ನನಗೆ ಬಂದಿದ್ದರಲ್ಲಿ ಅಲ್ವಾ? 14ರಲ್ಲಿ ದಿನಕ್ಕೆ 1.4. ಮೂರು ದಿನಕ್ಕೆ 4.2. ನನಗೆ 9.8 ಬರಬೇಕು.” ಜೊತೆಗೆ ಬಂದ ಗೆಳತಿ ಇನ್ನೊಂದು ಲೆಕ್ಕ ತೆಗೆದಳು: “ಭಾನುವಾರ ಕಾಲೇಜೇ ಇರಲ್ಲ ಸಾರ್, ಅದನ್ಯಾಕೆ ಎಣಿಸ್ತೀರಿ? ಎರಡೇ ದಿನ ಆಯ್ತು. 14ರಲ್ಲಿ 4 ಹೋದರೆ 10.”

ಒಂದೇ ಬರಹಕ್ಕೆ 8, 9.8, 10. ನಿಯಮವನ್ನು ಮತ್ತೆ ಓದಿ ನೋಡಿದೆ. ಮೂರೂ ಸರಿ. ತಪ್ಪಿದ್ದದ್ದು ನನ್ನ ಸಾಲಿನಲ್ಲಿ. ಯಾವುದರ ಶೇ 10 ಎಂದು ಅದು ಹೇಳಿರಲಿಲ್ಲ, ದಿನವೆಂದರೇನು ಎಂದೂ ಹೇಳಿರಲಿಲ್ಲ.

ಅಂದಿನಿಂದ ನಾನು ಶೇಕಡಾವಾರು ಬಿಟ್ಟು ನೇರವಾಗಿ ಅಂಕವನ್ನೇ ಬರೆಯುತ್ತೇನೆ: ‘ದಿನಕ್ಕೆ 1 ಅಂಕ ಕಡಿತ. ಗಡುವಿನ ನಂತರದ ಪ್ರತಿ 24 ಗಂಟೆ ಅಥವಾ ಅದರ ಭಾಗ ಒಂದು ದಿನ. ಭಾನುವಾರ, ರಜಾದಿನ ಲೆಕ್ಕಕ್ಕಿಲ್ಲ.’ ಗಡುವನ್ನು ‘ಶುಕ್ರವಾರ ರಾತ್ರಿ 12’ ಎಂದು ಬರೆಯುವುದನ್ನೂ ಬಿಟ್ಟೆ. ಅದು ಶುಕ್ರವಾರ ಶುರುವಾಗುವ ಹೊತ್ತೋ ಮುಗಿಯುವ ಹೊತ್ತೋ ಎಂಬ ಜಗಳ ಪ್ರತಿ ವರ್ಷ ಇದ್ದದ್ದೇ. ಸಂಜೆ 5 ಎಂದರೆ ಯಾರಿಗೂ ಗೊಂದಲವಿಲ್ಲ, ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನೇ ನಂಬಿದವರಿಗೂ ಅನುಕೂಲ.

ದಿನಕ್ಕೆ 2 ಇದ್ದದ್ದನ್ನು 1ಕ್ಕೆ ಇಳಿಸಿದ್ದು ಧಾರಾಳತನದಿಂದಲ್ಲ. ಕಡಿತ ದೊಡ್ಡದಾದರೆ ನಾಲ್ಕು ದಿನ ತಡವಾದವನಿಗೆ ಬರೆಯುವ ಆಸೆಯೇ ಹೋಗುತ್ತದೆ. ಅವನು ಪಕ್ಕದವನದ್ದನ್ನು ನಕಲು ಮಾಡಿ ಎರಡನೇ ದಿನಕ್ಕೇ ಕೊಡುತ್ತಾನೆ, ಇಲ್ಲವೇ ಕೊಡುವುದೇ ಇಲ್ಲ. ತಡ ಮಾಡಿದ್ದಕ್ಕೆ ನಷ್ಟವಾಗಲಿ, ಆದರೆ ಬರೆದರೆ ಲಾಭವಿದೆ ಎನ್ನುವುದೂ ಉಳಿದಿರಲಿ. ಇದಕ್ಕೆ ಒಂದು ಕೊನೆಯೂ ಬೇಕು. ನಾನು ಉತ್ತರಗಳನ್ನು ತರಗತಿಯಲ್ಲಿ ಚರ್ಚಿಸುವ ದಿನ ಬಾಗಿಲು ಮುಚ್ಚುತ್ತದೆ. ಉತ್ತರ ಕೇಳಿಸಿಕೊಂಡು ಬರೆದದ್ದನ್ನು ಒಪ್ಪಿದರೆ ಹೊತ್ತಿಗೆ ಸರಿಯಾಗಿ ಕೊಟ್ಟವರಿಗೆ ಅನ್ಯಾಯ. ಆ ತಾರೀಖನ್ನು ಮೊದಲೇ ಬರೆದಿಡುತ್ತೇನೆ.

‘ಸಕಾರಣ’ ಎಂಬ ಪದ ಇದಕ್ಕಿಂತ ಹೆಚ್ಚು ಕಾಡಿತು. ಆ ವರ್ಷ ನಾನು ವಿನಾಯಿತಿ ಕೊಟ್ಟವರ ಪಟ್ಟಿ ನೋಡಿದರೆ, ಅಷ್ಟೂ ಜನ ಸ್ಟಾಫ್ ರೂಮಿಗೆ ಬಂದು ಮಾತಾಡಬಲ್ಲವರು. ಕೊನೆಯ ಬೆಂಚಿನ ಒಬ್ಬ ಹುಡುಗ ಎರಡು ಅಸೈನ್‌ಮೆಂಟಿನಲ್ಲೂ ಅಂಕ ಕಳೆದುಕೊಂಡಿದ್ದ. ಆ ವಾರಗಳಲ್ಲಿ ತಂದೆಯ ಜೊತೆ ಆಸ್ಪತ್ರೆಯಲ್ಲಿ ಮಲಗುತ್ತಿದ್ದನಂತೆ. ನನಗೆ ಗೊತ್ತಾಗಿದ್ದು ಸೆಮಿಸ್ಟರ್ ಮುಗಿದ ಮೇಲೆ, ಅದೂ ಅವನ ಗೆಳೆಯನಿಂದ. “ಯಾಕಯ್ಯಾ ಹೇಳಲಿಲ್ಲ?” ಎಂದರೆ, “ಕೇಳಬಹುದು ಅಂತ ಗೊತ್ತಿರಲಿಲ್ಲ ಸಾರ್” ಎಂದ. ಮೇಷ್ಟ್ರ ಮರ್ಜಿಗೆ ಬಿಟ್ಟ ವಿನಾಯಿತಿ ಕಷ್ಟದಲ್ಲಿದ್ದವರಿಗೆ ಸಿಗುವುದಿಲ್ಲ, ಬಾಯಿದ್ದವರಿಗೆ ಸಿಗುತ್ತದೆ.

ಈಗ ನನ್ನ ತರಗತಿಯಲ್ಲಿ ಪ್ರತಿಯೊಬ್ಬರಿಗೂ ಸೆಮಿಸ್ಟರಿಗೆ ಮೂರು ‘ಸಲುಗೆ ದಿನ’ ಉಂಟು. ಕಾರಣ ಹೇಳಬೇಕಿಲ್ಲ, ಪತ್ರ ತರಬೇಕಿಲ್ಲ. ಅಸೈನ್‌ಮೆಂಟಿನ ಮೇಲೆ ‘ಸಲುಗೆ 2’ ಎಂದು ಬರೆದುಕೊಟ್ಟರೆ ಎರಡು ದಿನಕ್ಕೆ ಕಡಿತವಿಲ್ಲ. ನೆಟ್‌ವರ್ಕ್ ಇರಲಿಲ್ಲ, ಮನೆಯಲ್ಲಿ ಮದುವೆ, ಜ್ವರ ಎಲ್ಲವೂ ಇದರೊಳಗೇ ತೀರಬೇಕು. ಅದನ್ನು ಮೀರಿದ ಕಷ್ಟಕ್ಕೆ ಬೇರೆ ಸಾಲಿದೆ: ‘ಆಸ್ಪತ್ರೆ ವಾಸ, ಮನೆಯಲ್ಲಿ ಸಾವು, ಅಂಗವೈಕಲ್ಯಕ್ಕೆ ಸಂಬಂಧಿಸಿದ ಅಗತ್ಯ, ಕಾಲೇಜು ಕಳಿಸಿದ ಎನ್‌ಎಸ್‌ಎಸ್, ಎನ್‌ಸಿಸಿ ಅಥವಾ ಕ್ರೀಡಾಕೂಟ ಇದ್ದರೆ ಹೊಸ ಗಡುವು ಸಿಗುತ್ತದೆ. ಒಂದು ವಾರದೊಳಗೆ ತಿಳಿಸಿ. ನಿಮ್ಮ ಪರವಾಗಿ ಗೆಳೆಯರು ತಿಳಿಸಿದರೂ ಸಾಕು.’ ಕೊನೆಯ ವಾಕ್ಯ ಆ ಹುಡುಗನಿಂದ ಬಂದದ್ದು.

ಹಾಜರಿಯ ಮಾತು ಬೇರೆ. ಅಸೈನ್‌ಮೆಂಟಿನ ಗಡುವು ನನ್ನದು, ಹಾಜರಿಯ ಶೇ 75 ನನ್ನದಲ್ಲ. ಅದು ವಿಶ್ವವಿದ್ಯಾಲಯದ್ದು. ಶಾರ್ಟೇಜ್ ಬಂದರೆ ಪರೀಕ್ಷೆಗೆ ಕೂರಿಸುವ, ಬಿಡುವ ಅಧಿಕಾರ ನನಗಿಲ್ಲ. ಕೋರ್ಸ್ ಪ್ಲಾನಿನಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ತೋರಿಸಬೇಕು, ಇಲ್ಲದಿದ್ದರೆ ಹುಡುಗರು ಕೊನೆಯ ವಾರ ನನ್ನ ಹತ್ತಿರ ಬಂದು ನನ್ನಿಂದಾಗದ್ದನ್ನು ಬೇಡುತ್ತಾರೆ.

ಆದರೆ ಆ ಶೇ 75ನ್ನು ಅರ್ಥ ಮಾಡಿಸುವುದು ನನ್ನ ಕೈಯಲ್ಲಿದೆ. ವಾರಕ್ಕೆ 3 ತರಗತಿ, 15 ವಾರ ಎಂದರೆ 45. ಅದರ ಮುಕ್ಕಾಲು 33.75, ಅಂದರೆ 34 ತರಗತಿಗೆ ಬರಬೇಕು. ಜಾಣ ಹುಡುಗ ಮೊದಲ ದಿನವೇ ‘11 ಕ್ಲಾಸ್ ಬಿಡಬಹುದು’ ಎಂದು ಲೆಕ್ಕ ಹಾಕಿಡುತ್ತಾನೆ. ಹಬ್ಬ, ಕಾಲೇಜು ಡೇ, ಚುನಾವಣಾ ಕೆಲಸ ಎಂದು ನಡೆದದ್ದು 40 ಮಾತ್ರ ಎಂದಿಟ್ಟುಕೊಳ್ಳಿ. 11 ಬಿಟ್ಟವನ ಹಾಜರಿ 29, ಅಂದರೆ ಶೇ 72.5. ಒಂದೇ ಒಂದು ತರಗತಿಯಿಂದ ಶಾರ್ಟೇಜ್. ಹಾಗಾಗಿ ‘ಹಾಜರಿಯನ್ನು ನಿಜವಾಗಿ ನಡೆದ ತರಗತಿಗಳ ಮೇಲೆ ಎಣಿಸಲಾಗುತ್ತದೆ’ ಎಂಬ ಸಾಲು ಬೇಕೇ ಬೇಕು.

ಎಚ್ಚರಿಕೆ ಯಾವಾಗ ಎಂಬುದನ್ನೂ ನಿಯಮದೊಳಗೇ ಸೇರಿಸಿದ್ದೇನೆ. 40 ತರಗತಿಯ ಅದೇ ಸೆಮಿಸ್ಟರನ್ನು ತೆಗೆದುಕೊಳ್ಳಿ. 5ನೇ ವಾರದಲ್ಲಿ 13 ನಡೆದಿದ್ದು, ಒಬ್ಬ 8ಕ್ಕೆ ಬಂದಿದ್ದಾನೆ. ಉಳಿದ 27ರಲ್ಲಿ 22ಕ್ಕೆ ಬಂದರೂ 30 ಮುಟ್ಟುತ್ತಾನೆ, ಇನ್ನೂ 5 ಬಿಡುವ ಅವಕಾಶವಿದೆ. ಅವನೇ 10ನೇ ವಾರದಲ್ಲಿ 27ಕ್ಕೆ 17 ಇದ್ದರೆ ಉಳಿದ 13ರಲ್ಲಿ ಒಂದನ್ನೂ ತಪ್ಪಿಸುವಂತಿಲ್ಲ. 14ನೇ ವಾರದಲ್ಲಿ ಶಾರ್ಟೇಜ್ ಪಟ್ಟಿ ಹಾಕಿದರೆ ಅದು ಎಚ್ಚರಿಕೆಯಲ್ಲ, ತೀರ್ಪು. ಅದಕ್ಕೇ ನಾನು 5ನೇ ಮತ್ತು 10ನೇ ವಾರದ ಕೊನೆಗೆ ಪಟ್ಟಿ ಹಾಕುತ್ತೇನೆಂದು ಬರೆದುಕೊಡುತ್ತೇನೆ. ಈ ಸಾಲು ನನ್ನನ್ನು ಕಟ್ಟಿಹಾಕಲು.

ಒಂದು ದಿನದ ಜ್ವರಕ್ಕೆ ವೈದ್ಯರ ಸರ್ಟಿಫಿಕೇಟ್ ಕೇಳುವುದಿಲ್ಲ. ಬಡವರ ಮನೆಯಲ್ಲಿ ಒಂದು ದಿನದ ಜ್ವರಕ್ಕೆ ಮಾತ್ರೆ ನುಂಗುತ್ತಾರೆಯೇ ಹೊರತು ಡಾಕ್ಟರ ಹತ್ತಿರ ಹೋಗುವುದಿಲ್ಲ. ಶೇ 25ರ ಅವಕಾಶ ಇರುವುದೇ ಅಂಥ ದಿನಗಳಿಗೆ. ತಡವಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವುದೂ ಇಲ್ಲ. ಹಳ್ಳಿಯ ಬಸ್ಸು ಹತ್ತು ನಿಮಿಷ ತಡವಾದರೆ ಪಾಸ್ ಹಿಡಿದು ಬಂದವಳ ತಪ್ಪೇನು? 15 ನಿಮಿಷದೊಳಗೆ ಬಂದರೆ ಹಾಜರಿ, ನಂತರ ಬಂದರೆ ಹಾಜರಿಯಿಲ್ಲ, ಆದರೆ ಪಾಠ ಕೇಳಲು ಕೂರಬಹುದು.

ಇಷ್ಟೆಲ್ಲ ಸೇರಿದರೂ ಅರ್ಧ ಪುಟ ದಾಟುವುದಿಲ್ಲ. ನೀವೂ ಇಂಥದ್ದೊಂದು ಬರೆಯುವವರಾದರೆ, ತರಗತಿಗೆ ಹಂಚುವ ಮೊದಲು ಹಳೆಯ ಬ್ಯಾಚಿನ ಇಬ್ಬರನ್ನು ಬೇರೆ ಬೇರೆ ಕೂರಿಸಿ ಓದಲು ಕೊಡಿ. ಶುಕ್ರವಾರದ ಗಡುವು, ಸೋಮವಾರ ಬೆಳಿಗ್ಗೆ 10ಕ್ಕೆ ಕೊಟ್ಟದ್ದು, 20ಕ್ಕೆ 14ರ ಬರಹ, ಸಲುಗೆ ದಿನ ಮುಗಿದಿವೆ, ಎಷ್ಟು ಬರುತ್ತದೆ ಎಂದು ಕೇಳಿ. ನನ್ನ ಈಗಿನ ನಿಯಮದಲ್ಲಿ ಉತ್ತರ 12. ನಿಮ್ಮದರಲ್ಲಿ ಇಬ್ಬರೂ ಬೇರೆ ಬೇರೆ ಅಂಕ ಹೇಳಿದರೆ, ಅವರನ್ನು ತಿದ್ದಬೇಡಿ, ಸಾಲನ್ನು ತಿದ್ದಿ.