ನಿದ್ರೆಗೆಂದು ಬೇರಿನ ಮಾತ್ರೆ: ವಲೇರಿಯನ್, ಕಾವಾ ಬಗ್ಗೆ ತಿಳಿದಿರಬೇಕಾದದ್ದು

ವಿದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ತಂದೆ ತಾಯಿಗೆಂದು ನಿದ್ರೆಯ ಮಾತ್ರೆಯ ಡಬ್ಬಿ ತರುವುದುಂಟು. ಗಿಡಮೂಲಿಕೆಯದು, ತೊಂದರೆಯಿಲ್ಲ ಎಂಬ ನಂಬಿಕೆ. ಇವುಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು ವಲೇರಿಯನ್ ಮತ್ತು ಕಾವಾ.

ಎರಡೂ ಬೇರುಗಳೇ. ವಲೇರಿಯನ್ ಯುರೋಪಿನ ಗಿಡ. ಹಿಮಾಲಯದ ಅದರ ಜಾತಿಯ ಇನ್ನೊಂದು ಗಿಡವನ್ನು ಆಯುರ್ವೇದದಲ್ಲಿ ತಗರ ಎನ್ನುತ್ತಾರೆ. ಕಾವಾ ನಮ್ಮ ಕರಿಮೆಣಸಿನ ಬಳಗಕ್ಕೆ ಸೇರಿದ್ದು. ಫಿಜಿ, ಟೋಂಗಾ, ವನುವಾಟು ದ್ವೀಪಗಳಲ್ಲಿ ಅದರ ಬೇರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ, ಸೋಸಿ ಕುಡಿಯುತ್ತಾರೆ. ಕಂದಮೂಲ ತ್ಯಜಿಸಿದವರು ಇದನ್ನು ಗಮನಿಸಬೇಕು. ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್ ಆಗಿರಬಹುದು, ಟಿಂಚರ್ ಎಂಬ ಹನಿ ಔಷಧದಲ್ಲಿ ಮದ್ಯಸಾರವೇ ಇರುತ್ತದೆ.

ನಿಜವಾದ ಅಪಾಯ ಬೇರೆ ಮಾತ್ರೆಯೊಡನೆ ಬೆರೆತಾಗ. 1996ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 54 ವರ್ಷದ ವ್ಯಕ್ತಿಯೊಬ್ಬರ ಪ್ರಕರಣ ಪ್ರಕಟವಾಯಿತು. ಅವರು ಆಲ್ಪ್ರಜೋಲಾಮ್ ತೆಗೆದುಕೊಳ್ಳುತ್ತಿದ್ದರು. ಆತಂಕಕ್ಕೆ, ನಿದ್ರೆಗೆ ನಮ್ಮಲ್ಲೂ ವೈದ್ಯರು ಬರೆದುಕೊಡುವ ಮಾತ್ರೆಯೇ ಅದು. ಜೊತೆಗೆ ಹೊಟ್ಟೆಯ ಆಮ್ಲಕ್ಕೆ ಸಿಮೆಟಿಡಿನ್ ಮತ್ತು ಇನ್ನೊಂದು ಔಷಧವೂ ಇತ್ತು. ಅಂಗಡಿಯಿಂದ ಕಾವಾ ತಂದು ಮೂರು ದಿನ ಸೇವಿಸಿದ್ದರು, ಅಷ್ಟೇ. ಮಂಪರು, ಗೊಂದಲದ ಸ್ಥಿತಿಯಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರು ಮದ್ಯ ಸೇವಿಸಿರಲಿಲ್ಲ, ಯಾವ ಮಾತ್ರೆಯನ್ನೂ ಹೆಚ್ಚಾಗಿ ನುಂಗಿರಲಿಲ್ಲ.

ಹೀಗೇಕೆ? ಆಲ್ಪ್ರಜೋಲಾಮ್ ಮಿದುಳನ್ನು ಶಾಂತಗೊಳಿಸುತ್ತದೆ. ಕಾವಾ ಕೂಡ ಅದನ್ನೇ ಮಾಡುತ್ತದೆ. ಸಾಲದ್ದಕ್ಕೆ, ಔಷಧವನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕೆಲಸವನ್ನು ಕಾವಾ ನಿಧಾನಗೊಳಿಸಬಲ್ಲದು; ಸಿಮೆಟಿಡಿನ್‌ಗೂ ಇದೇ ಗುಣವಿದೆ. ಮಾತ್ರೆ ಒಂದೇ ಆದರೂ ದೇಹದಲ್ಲಿ ಅದರ ಪ್ರಭಾವ ಹೆಚ್ಚು. ಮದ್ಯ ಸೇರಿದರೆ ಮಂಪರು ಇನ್ನಷ್ಟು ಆಳವಾಗಿ ಉಸಿರಾಟವೇ ಕುಂದಬಹುದು. ವಲೇರಿಯನ್ ಇಷ್ಟು ತೀವ್ರವಲ್ಲ, ಆದರೂ ನಿದ್ರೆ ಮಾತ್ರೆಯ ಜೊತೆ ಅದೂ ಮಂಪರು ಹೆಚ್ಚಿಸುತ್ತದೆ. ವಯಸ್ಸಾದವರು ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬೀಳುವುದು ಇಂಥ ವೇಳೆಯಲ್ಲೇ.

ಯಕೃತ್ತಿಗೆ ಹಾನಿ ಅಪರೂಪ, ಆದರೆ ಕಾವಾದಿಂದ ಯಕೃತ್ತು ಪೂರ್ಣ ಕೆಟ್ಟು ಬದಲಿ ಯಕೃತ್ತು ಜೋಡಿಸಬೇಕಾದ ಪ್ರಕರಣಗಳಿವೆ. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಪ್ರಕಟಿಸಿತು. ವಲೇರಿಯನ್‌ನಿಂದ ಇಂಥ ವರದಿಗಳು ಬಹಳ ಕಡಿಮೆ; ಆದರೆ ಅದು ನಿದ್ರೆ ತರುತ್ತದೆ ಎಂಬುದಕ್ಕೂ ಆಧಾರ ಗಟ್ಟಿಯಿಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಅದು ಬೇಡವೆಂದೇ ಅಮೆರಿಕದ ನಿದ್ರಾ ತಜ್ಞರ ಸಂಘ 2017ರಲ್ಲಿ ಸಲಹೆ ನೀಡಿದೆ.

ಹಸಿವಿಲ್ಲದಿರುವುದು, ವಾಕರಿಕೆ, ಮೈ ತುರಿಕೆ, ಗಾಢ ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು ಕಂಡರೆ ಬೇರಿನ ಮಾತ್ರೆಯನ್ನು ಕೂಡಲೇ ನಿಲ್ಲಿಸಿ ವೈದ್ಯರ ಬಳಿ ಹೋಗಿ ಎಲ್‌ಎಫ್‌ಟಿ ರಕ್ತಪರೀಕ್ಷೆ ಮಾಡಿಸಬೇಕು. ಡಬ್ಬಿಯನ್ನೂ ಒಯ್ಯುವುದು ಒಳ್ಳೆಯದು. ಇಲ್ಲಿ ಒಂದು ತಪ್ಪು ಆಗಬಾರದು. ದಿನವೂ ತೆಗೆದುಕೊಳ್ಳುವ ಆಲ್ಪ್ರಜೋಲಾಮನ್ನು ಹೆದರಿ ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಅದನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು.