'ಎಲ್ಲ ಸರಿಹೋಗುತ್ತೆ' ಎಂದರೆ ಅಂಕ ಏಕೆ ಸಿಗುವುದಿಲ್ಲ?

ಮಾನಸಿಕ ಆರೋಗ್ಯ ನರ್ಸಿಂಗ್‌ನ ಪರೀಕ್ಷೆಗಳಲ್ಲಿ ಒಂದು ಬಗೆಯ ಪ್ರಶ್ನೆ ತಪ್ಪದೆ ಬರುತ್ತದೆ. ರೋಗಿ ಒಂದು ಮಾತು ಹೇಳುತ್ತಾರೆ, ನರ್ಸ್ ಕೊಡಬಹುದಾದ ನಾಲ್ಕು ಉತ್ತರಗಳು ಕೆಳಗಿರುತ್ತವೆ, ಸರಿಯಾದದ್ದನ್ನು ಆರಿಸಬೇಕು. ಅಮೆರಿಕದಲ್ಲಿ ಕೆಲಸ ಮಾಡಬಯಸುವ ನಮ್ಮ ನರ್ಸ್‌ಗಳು ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲೂ ಇದು ಉಂಟು. ಇಲ್ಲಿ ಎಡವುವವರು ಹೆಚ್ಚಾಗಿ ಮೃದು ಮನಸ್ಸಿನವರೇ. ಮನೆಯಲ್ಲಿ ನಾವು ಪ್ರೀತಿಯಿಂದ ಆಡುವ ಮಾತುಗಳೇ ಇಲ್ಲಿ ತಪ್ಪು ಉತ್ತರಗಳಾಗಿರುತ್ತವೆ.

ಒಂದು ಪ್ರಶ್ನೆಯನ್ನು ಬಿಡಿಸಿ ನೋಡೋಣ. ಖಿನ್ನತೆಗೆಂದು ದಾಖಲಾದ ಐವತ್ತೆಂಟರ ರೈತರೊಬ್ಬರು ಸಂಜೆ ಮಾತ್ರೆ ಕೊಡಲು ಬಂದ ನರ್ಸ್‌ಗೆ ಹೇಳುತ್ತಾರೆ: "ಎಲ್ರಿಗೂ ಹೊರೆ ಆಗ್ಬಿಟ್ಟಿದ್ದೀನಿ ಸಿಸ್ಟರ್. ಇನ್ನು ಸ್ವಲ್ಪ ದಿನ, ಆಮೇಲೆ ಯಾರಿಗೂ ತೊಂದರೆ ಇರಲ್ಲ."

ಮೊದಲ ಉತ್ತರ: "ಹಾಗೆಲ್ಲ ಮಾತಾಡಬಾರದು. ಬಂಗಾರದಂಥ ಮಕ್ಕಳಿದ್ದಾರೆ, ಎಲ್ಲ ಸರಿಹೋಗುತ್ತೆ." ಎರಡನೆಯದು: "ಯಾಕೆ ಹಾಗನ್ಕೋತೀರಿ?" ಮೂರನೆಯದು: "ನಾಳೆ ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಹೇಳಿ." ನಾಲ್ಕನೆಯದು: "ಮನೆಯವರಿಗೆ ಭಾರ ಆಗಿದ್ದೀನಿ ಅನ್ನಿಸ್ತಿದೆ ನಿಮಗೆ. ಸ್ವಲ್ಪ ದಿನ ಅಂದ್ರಲ್ಲ, ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?"

ಮೊದಲನೆಯದು ಹುಸಿ ಭರವಸೆ. ಸರಿಹೋಗುತ್ತದೆಂದು ಆ ನರ್ಸ್‌ಗೆ ಗೊತ್ತಿಲ್ಲ. ಅದಕ್ಕಿಂತ ಮುಖ್ಯವಾಗಿ, 'ಹಾಗೆ ಮಾತಾಡಬಾರದು' ಎಂದು ಕೇಳಿದವರು ಮಾತಾಡುವುದನ್ನು ಬಿಡುತ್ತಾರೆಯೇ ಹೊರತು ಯೋಚಿಸುವುದನ್ನಲ್ಲ. ಮಕ್ಕಳ ಮಾತೆತ್ತಿದ್ದು ಇನ್ನೂ ಕೆಟ್ಟದ್ದು. ಆ ಮಕ್ಕಳಿಗೇ ತಾನು ಹೊರೆ ಎಂದು ಅವರು ನಂಬಿದ್ದಾರೆ. ಎರಡನೆಯದು ಕಾಳಜಿಯಂತೆ ಕಂಡರೂ 'ಯಾಕೆ' ಎಂದಾಗ ವಿವರಣೆ ಕೊಡುವ ಹೊಣೆ ಕುಗ್ಗಿದ ಮನುಷ್ಯನ ಮೇಲೆ ಬೀಳುತ್ತದೆ. ಅವರು "ಏನಿಲ್ಲ ಬಿಡಿ" ಎಂದು ಮುಗಿಸಿಬಿಡಬಹುದು. ಮೂರನೆಯದು ಮಾತನ್ನು ಬೇರೆಯವರಿಗೆ ದಾಟಿಸುತ್ತದೆ. ನಡುವೆ ಒಂದಿಡೀ ರಾತ್ರಿ ಇದೆ.

ನಾಲ್ಕನೆಯದೇ ಸರಿ. ಅದರಲ್ಲಿ ಎರಡು ಕೆಲಸಗಳಿವೆ. ಮೊದಲು ಅವರ ಭಾವವನ್ನು ಅವರಿಗೇ ತಿರುಗಿ ಹೇಳಿ, ಕೇಳಿಸಿಕೊಂಡೆ ಎಂದು ತಿಳಿಸುತ್ತದೆ. ಆಮೇಲೆ ಮಸುಕಾಗಿದ್ದ ಮಾತನ್ನು ನೇರವಾಗಿ ಕೇಳುತ್ತದೆ. ಸಾವಿನ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಎಂಬ ಭಯ ವಿದ್ಯಾರ್ಥಿಗಳಲ್ಲೂ ಇದೆ, ಮನೆಯವರಲ್ಲೂ ಇದೆ. ಅದು ನಿಜವಲ್ಲ. ಕೇಳುವುದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಜನಕ್ಕೆ ಕೊನೆಗೂ ಯಾರೋ ಕೇಳಿದರಲ್ಲ ಎಂದು ಎದೆ ಹಗುರವಾಗುತ್ತದೆ.

ಅವರು "ಹೌದು" ಎಂದರೆ ಮುಂದಿನ ಪ್ರಶ್ನೆಗಳೂ ಅಷ್ಟೇ ನೇರ: ಹೇಗೆ ಎಂದು ಯೋಚಿಸಿದ್ದೀರಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯೇ, ಯಾವಾಗ ಎಂದುಕೊಂಡಿದ್ದೀರಿ. ಯೋಜನೆ ಎಷ್ಟು ಸ್ಪಷ್ಟವೋ ಅಪಾಯ ಅಷ್ಟು ಹೆಚ್ಚು. ಅವರನ್ನು ಒಂಟಿಯಾಗಿ ಬಿಡದೆ, ಅಪಾಯದ ವಸ್ತುಗಳನ್ನು ತೆಗೆಸಿ, ವೈದ್ಯರಿಗೆ ತಿಳಿಸಬೇಕು. "ಯಾರಿಗೂ ಹೇಳಬೇಡಿ ಸಿಸ್ಟರ್" ಎಂದು ಕೈಹಿಡಿದು ಬೇಡಿಕೊಂಡರೂ ಮಾತು ಕೊಡುವಂತಿಲ್ಲ. "ನಿಮ್ಮನ್ನು ಕಾಪಾಡಬೇಕಾದ ತಂಡಕ್ಕೆ ಇದನ್ನು ಹೇಳಲೇಬೇಕು" ಎಂದು ಅವರೆದುರೇ ಹೇಳಬೇಕು. ಔಷಧಿ ಶುರುವಾದ ಮೊದಲ ವಾರಗಳಲ್ಲಿ ಮನಸ್ಸಿನ ದುಃಖಕ್ಕಿಂತ ಮುಂಚೆ ಮೈಗೆ ಚೈತನ್ಯ ಮರಳಬಹುದು. ಆದ್ದರಿಂದ ಕುಗ್ಗಿದ್ದವರು ದಿಢೀರನೆ ಶಾಂತರಾದರೆ ಗುಣವಾದರೆಂದು ನಿಶ್ಚಿಂತರಾಗದೆ, ಆಗಲೂ ಅದೇ ಪ್ರಶ್ನೆ ಕೇಳಬೇಕು.

ದಾದಿ ಮತ್ತು ರೋಗಿಯ ಸಂಬಂಧವೇ ಚಿಕಿತ್ಸೆಯ ಭಾಗ ಎಂದು ಹಿಲ್ಡೆಗಾರ್ಡ್ ಪೆಪ್ಲಾವ್ 1952ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಪರೀಕ್ಷೆಯ ಈ ಪ್ರಶ್ನೆಗಳ ಬೇರು ಅಲ್ಲಿದೆ. ಆದರೆ 'ಭಾವವನ್ನು ತಿರುಗಿ ಹೇಳುವ ಉತ್ತರವೇ ಸರಿ' ಎಂದು ಉರುಹೊಡೆದವರು ಬೇರೊಂದು ಕಡೆ ಜಾರುತ್ತಾರೆ. "ಈ ಮಾತ್ರೇಲಿ ವಿಷ ಬೆರೆಸಿದ್ದಾರೆ" ಎಂದು ಭ್ರಮೆಯಲ್ಲಿರುವ ರೋಗಿ ಹೇಳಿದಾಗ, "ಯಾರು ಬೆರೆಸಿದ್ದು, ಹೇಳಿ" ಎಂದು ಕೆದಕಿದರೆ ಭ್ರಮೆಗೆ ಗೊಬ್ಬರ ಹಾಕಿದಂತೆ. "ವಿಷ ಇಲ್ಲವೇ ಇಲ್ಲ" ಎಂದು ವಾದಕ್ಕಿಳಿದರೆ ನರ್ಸ್ ಕೂಡ ಶತ್ರುಗಳ ಪಟ್ಟಿಗೆ ಸೇರುತ್ತಾರೆ. ಇಲ್ಲಿ ಹಿಡಿಯಬೇಕಾದದ್ದು ಕಥೆಯನ್ನಲ್ಲ, ಅದರ ಹಿಂದಿನ ಭಯವನ್ನು: "ನಿಮಗೆ ತುಂಬಾ ಹೆದರಿಕೆ ಆಗಿದೆ. ನನಗೆ ಇದರಲ್ಲಿ ವಿಷ ಇದೆ ಅನ್ನಿಸ್ತಿಲ್ಲ. ಪೊಟ್ಟಣ ನಿಮ್ಮ ಮುಂದೆಯೇ ಒಡೀತೀನಿ, ನೋಡಿ."