ಸಿಂಧನೂರಿಗೊಂದು ಪುಟ, ಮಸ್ಕಿಗೊಂದು ಪುಟ

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲಿನ ಊರುಗಳು. ಆದರೂ ಈ ಮೂರು ಊರಿನವರು ಒಂದೇ ಗಳಿಗೆಯಲ್ಲಿ ಗೂಗಲ್‌ನಲ್ಲಿ ‘ರೈಸ್ ಮಿಲ್’ ಎಂದು ಹುಡುಕಿದರೆ ಮೂವರಿಗೂ ಒಂದೇ ಪುಟ ಸಿಗುತ್ತದೆಂಬ ಭರವಸೆಯಿಲ್ಲ. ಮೊಬೈಲಿನ ಲೊಕೇಶನ್ ಆನ್ ಇದ್ದರೆ ಹತ್ತಿರದ ಮಿಲ್ಲುಗಳು ಮೇಲೆ ಬರುತ್ತವೆ. ಆಫ್ ಇದ್ದರೆ ಐಪಿ ವಿಳಾಸ ನೋಡಿ ಊರನ್ನು ಊಹಿಸಲಾಗುತ್ತದೆ. ಮೊಬೈಲ್ ಇಂಟರ್‌ನೆಟ್ಟಿನ ಐಪಿ ಎಷ್ಟೋ ಸಲ ದೂರದ ದೊಡ್ಡ ಊರಿನ ಹೆಸರಲ್ಲಿರುತ್ತದೆ. ಆಗ ಮಸ್ಕಿಯಲ್ಲಿ ಕೂತವರಿಗೆ ಬೆಂಗಳೂರಿನ ಅಂಗಡಿಗಳು ಕಾಣಬಹುದು.

ಎಲ್ಲರಿಗೂ ಒಂದೇ ಪುಟ ಎಂಬ ಕಾಲ ಯಾವಾಗ ಮುಗಿಯಿತು? ಖಾತೆ ಇದ್ದವರಿಗೆ, ಅವರವರ ಹುಡುಕಾಟದ ಇತಿಹಾಸ ನೋಡಿ ಫಲಿತಾಂಶ ಜೋಡಿಸುವುದನ್ನು ಗೂಗಲ್ 2005ರಲ್ಲೇ ಆರಂಭಿಸಿತ್ತು. ನನ್ನನ್ನು ಕಾಡುವ ದಿನ 2009ರ ಡಿಸೆಂಬರ್ 4. ಖಾತೆಗೆ ಲಾಗಿನ್ ಆಗದವರಿಗೂ, ಬ್ರೌಸರಿನ ಕುಕಿಗೆ ತಳಕು ಹಾಕಿದ 180 ದಿನಗಳ ಹುಡುಕಾಟ ನೋಡಿ ಪುಟ ಹೊಂದಿಸುವುದಾಗಿ ಕಂಪನಿ ಅಂದು ಪ್ರಕಟಿಸಿತು. ಬೇಡ ಎನ್ನುವವರು ತಾವೇ ಹೋಗಿ ಅದನ್ನು ನಿಲ್ಲಿಸಬೇಕಿತ್ತು. ಕೋಟ್ಯಂತರ ಜನರ ಪುಟ ಹೀಗೆ ಅವರನ್ನು ಕೇಳದೆಯೇ ಬದಲಾದದ್ದು ಇಂದಿಗೂ ನನಗೆ ಅನ್ಯಾಯವೆಂದೇ ಅನಿಸುತ್ತದೆ.

ಇದರ ಕುರಿತ ಜಗಳ ಜೋರಾದದ್ದು 2011ರಲ್ಲಿ. ಅಮೆರಿಕದ ಲೇಖಕ ಎಲಿ ಪ್ಯಾರಿಸರ್ ತಮ್ಮ ಇಬ್ಬರು ಗೆಳೆಯರಿಂದ ‘ಈಜಿಪ್ಟ್’ ಎಂದು ಹುಡುಕಿಸಿದರು. ಒಬ್ಬರ ಪುಟದ ತುಂಬ ಅಲ್ಲಿನ ಪ್ರತಿಭಟನೆಯ ಸುದ್ದಿ. ಇನ್ನೊಬ್ಬರ ಮೊದಲ ಪುಟದಲ್ಲಿ ಅದರ ಸುಳಿವೇ ಇರಲಿಲ್ಲ. ಉದಾಹರಣೆ ಜಗತ್ತನ್ನೇ ಸುತ್ತಿತು, ಆದರೆ ಕಾರಣವನ್ನು ತೋರಿಸಲಿಲ್ಲ. ಒಂದೇ ಪ್ರಶ್ನೆಗೆ ಬೇರೆ ಬೇರೆ ಸರ್ವರ್‌ಗಳು ಉತ್ತರಿಸಿದಾಗಲೂ, ಗೂಗಲ್ ಏನಾದರೂ ಹೊಸದನ್ನು ಪರೀಕ್ಷಿಸುತ್ತಿರುವಾಗಲೂ ಪುಟ ಬದಲಾಗುತ್ತದೆ.

ಈ ಗೊಂದಲ ಬಿಡಿಸಿದವರು ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು. 200 ಜನರಿಂದ ಹುಡುಕಿಸಿದ ಅವರು, ಅದೇ ಪದಗಳನ್ನು ಅದೇ ಹೊತ್ತಿಗೆ, ಇತಿಹಾಸವೇ ಇಲ್ಲದ ಯಂತ್ರಗಳಿಂದಲೂ ಹುಡುಕಿಸಿದರು. ಆ ಯಂತ್ರಗಳ ನಡುವೆಯೇ ಕಂಡ ವ್ಯತ್ಯಾಸವನ್ನು ಕಳೆದ ಮೇಲೆ ಉಳಿದದ್ದಷ್ಟೇ ವ್ಯಕ್ತಿಗೆ ತಕ್ಕಂತೆ ಮಾಡಿದ ಬದಲಾವಣೆ. 2013ರಲ್ಲಿ ಅವರು ಪ್ರಕಟಿಸಿದಂತೆ ಅದು ಸರಾಸರಿ ಶೇ 11.7. ಅದಕ್ಕೆ ಮುಖ್ಯ ಕಾರಣವಾಗಿ ಕಂಡದ್ದು ಎರಡು: ಖಾತೆಗೆ ಲಾಗಿನ್ ಆಗಿರುವುದು ಮತ್ತು ಐಪಿ ಸೂಚಿಸುವ ಊರು. ಈಗಷ್ಟೇ ಹುಡುಕಿದ ಪದದ ಪ್ರಭಾವವೂ ಸುಮಾರು ಹತ್ತು ನಿಮಿಷ ಮುಂದಿನ ಹುಡುಕಾಟದ ಮೇಲಿರುತ್ತಿತ್ತು.

ಇದನ್ನು ನಮ್ಮೂರಲ್ಲೂ ನೋಡಬಹುದು. ಎರಡು ಫೋನು ಪಕ್ಕಪಕ್ಕ ಇಟ್ಟು, ಹತ್ತು ನಿಮಿಷಕ್ಕೂ ಹೆಚ್ಚು ಸುಮ್ಮನೆ ಬಿಟ್ಟು, ಒಂದೇ ಪದವನ್ನು ಒಂದೇ ಲಿಪಿಯಲ್ಲಿ ಒಟ್ಟಿಗೆ ಹುಡುಕಬೇಕು. ಲಿಪಿ ಬೇರೆಯಾದರೆ ಪ್ರಶ್ನೆಯೇ ಬೇರೆಯಾದಂತೆ. ಫಲಿತಾಂಶದ ಪುಟದ ತಳದಲ್ಲಿ ಗೂಗಲ್ ಊಹಿಸಿದ ಊರಿನ ಹೆಸರಿರುತ್ತದೆ. ಮೊದಲು ಅದನ್ನೇ ಓದಿ. ‘ಮಸ್ಕಿ ಅಶೋಕ ಶಾಸನ’ ಎಂದು ಹುಡುಕಿದರೆ ಊರಿನಿಂದ ಊರಿಗೆ ಹೆಚ್ಚೇನೂ ಬದಲಾಗಲಿಕ್ಕಿಲ್ಲ. ಮಿಲ್ಲು, ಆಸ್ಪತ್ರೆ, ಗೊಬ್ಬರದಂಗಡಿ ಹುಡುಕುವಾಗಲೇ ಊರಿನ ಊಹೆ ಕೈಕೊಡುವುದು. ಇನ್‌ಕಾಗ್ನಿಟೋದಲ್ಲಿ ತೆರೆದರೆ ಹಳೆಯ ಇತಿಹಾಸ ಬದಿಗೆ ಸರಿಯುತ್ತದೆ, ಊರಿನ ಊಹೆ ಸರಿಯುವುದಿಲ್ಲ. ಪ್ರಶ್ನೆಯ ಜೊತೆಗೆ ‘ಸಿಂಧನೂರು’ ಎಂದೂ ಬರೆದರೆ ಆ ಊಹೆಗೆ ಅಷ್ಟು ಆಸ್ಪದವಿರದು.